ಬಣ್ಣ ಕುಡಿದು ಕೂತಿದ್ದ ಕಿಟಕಿ: ಕಟರ್, ತೆಳು ಪ್ರೈ ಬಾರ್ ಹಿಡಿದು ಬಿಡಿಸಿದ್ದು

ರಾಯಚೂರಿನಲ್ಲಿ ಏಪ್ರಿಲ್ ಬಂತೆಂದರೆ ಬಿಸಿಲು 40 ಡಿಗ್ರಿ ದಾಟುತ್ತದೆ. ಗಾಳಿ ಒಣಗಿರುತ್ತದೆ, ಹಾಗಾಗಿ ನೀರಿನ ಕೂಲರ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದು ಒಳಗೆ ನೂಕಿದ ಗಾಳಿ ಹೊರಗೆ ಹೋಗಲು ಎದುರುಗಡೆ ಒಂದು ದಾರಿ ಬೇಕು. ಇಲ್ಲದಿದ್ದರೆ ತೇವವೆಲ್ಲ ಕೋಣೆಯಲ್ಲೇ ಕೂತು, ಸ್ವಲ್ಪ ಹೊತ್ತಿಗೇ ಮೈ ಅಂಟಂಟಾಗುತ್ತದೆ. ಮಾವನ ಮನೆಯ ನಡುಕೋಣೆಯಲ್ಲಿ ಆಗುತ್ತಿದ್ದದ್ದು ಇದೇ. ಕೂಲರ್ ಹೊಸದು, ಹುಲ್ಲಿನ ಪ್ಯಾಡ್ ಹೊಸದು, ಆದರೂ ಸೆಕೆ. ಎದುರು ಗೋಡೆಯಲ್ಲಿ ಮೂರಡಿ ಅಗಲ, ನಾಲ್ಕಡಿ ಎತ್ತರದ ತೇಗದ ಕಿಟಕಿ ಇದೆ. ಅದನ್ನು ತೆರೆದದ್ದು ಯಾರಿಗೂ ನೆನಪಿಲ್ಲ. ಮದುವೆಗೊಮ್ಮೆ, ಗೃಹಶಾಂತಿಗೊಮ್ಮೆ ಬಣ್ಣ ಬಳಿಸಿದ್ದಾರೆ. ಪ್ರತಿ ಸಲವೂ ಪೇಂಟರ್ ಕಿಟಕಿ ಮುಚ್ಚಿಟ್ಟೇ ಬ್ರಶ್ ಎಳೆದಿದ್ದಾನೆ. ಚೌಕಟ್ಟು, ಕದ, ಬಿಜಾಗ್ರಿ, ಬೋಲ್ಟು ಎಲ್ಲದರ ಮೇಲೂ ಒಂದೇ ಎನಾಮೆಲ್ ಪದರ.

ಎನಾಮೆಲ್ ಹೀಗೆ ಹಿಡಿದುಕೊಳ್ಳಲು ಎರಡು ಕಾರಣ. ಒಂದು, ಕದ ಮತ್ತು ಚೌಕಟ್ಟಿನ ನಡುವಿನ ಸಂದಿಯ ಮೇಲೆ ಬಣ್ಣ ಸೇತುವೆಯ ಹಾಗೆ ಕಟ್ಟಿಕೊಳ್ಳುತ್ತದೆ. ಇದು ಕಣ್ಣಿಗೆ ಕಾಣುತ್ತದೆ, ಚಾಕುವಿಗೆ ಸಿಗುತ್ತದೆ. ಇನ್ನೊಂದು, ಪೂರ್ತಿ ಗಟ್ಟಿಯಾಗದ ಬಣ್ಣದ ಎರಡು ಮೈಗಳು ಒತ್ತಿಕೊಂಡು ನಿಂತರೆ ಒಂದಕ್ಕೊಂದು ಅಂಟಿಬಿಡುತ್ತವೆ. ಇದು ಒಳಗಡೆ ಆಗುವುದರಿಂದ ಕಾಣುವುದಿಲ್ಲ, ಚಾಕುವೂ ಅಲ್ಲಿಗೆ ಪೂರ್ತಿ ಮುಟ್ಟುವುದಿಲ್ಲ. ಚಾಕು ಮೊದಲನೆಯದಕ್ಕೆ, ಪ್ರೈ ಬಾರ್ ಎನ್ನುವ ಮೀಟುವ ಪಟ್ಟಿ ಎರಡನೆಯದಕ್ಕೆ. ಸಂದಿ ಕೊಯ್ಯದೆ ನೇರ ಮೀಟಲು ಹೋದರೆ ಬಣ್ಣ ಬಿಡುವ ಮೊದಲು ಮರವೇ ಸಿಬಿರೆದ್ದು ಬರುತ್ತದೆ.

ಮೊದಲು ನೋಡಿದ್ದು

ಹತ್ಯಾರ ಹಿಡಿಯುವ ಮೊದಲು ಕಿಟಕಿ ಯಾವ ಕಡೆ ತೆರೆಯುತ್ತದೆ ಎಂದು ಗೊತ್ತಾಗಬೇಕು. ಬಿಜಾಗ್ರಿಯ ಗಂಟು, ಅಂದರೆ ಸೂಜಿ ಕೂಡುವ ಉರುಟು ಭಾಗ, ಯಾವ ಕಡೆ ಕಾಣುತ್ತದೋ ಕದ ಆ ಕಡೆಗೆ ತೆರೆಯುತ್ತದೆ. ಇಲ್ಲಿ ಗಂಟು ಹೊರಗಡೆ, ಓಣಿಯ ಕಡೆ. ಒಳಗಡೆ ಚೌಕಟ್ಟಿಗೆ ಕಬ್ಬಿಣದ ಸರಳು. ಅಂದರೆ ಕದವನ್ನು ಸರಳಿನ ನಡುವೆ ಕೈ ಹಾಕಿ ಹೊರಕ್ಕೆ ನೂಕಬೇಕು.

ಎರಡು ಕದದ ಕಿಟಕಿಯಾದರೆ ಇನ್ನೊಂದು ವಿಷಯ ಇದೆ. ನಡುವೆ ಎರಡು ಕದ ಸೇರುವ ಜಾಗದಲ್ಲಿ ಒಂದರ ತುಟಿ ಇನ್ನೊಂದರ ಮೇಲೆ ಕೂತಿರುತ್ತದೆ. ಹೊರಗಡೆ ಯಾವ ಕದದ ತುಟಿ ಮೇಲಿದೆಯೋ ಅದೇ ಮೊದಲು ತೆರೆಯುವ ಕದ. ಕೆಳಗಿನದನ್ನು ಮೊದಲು ಮೀಟಿದರೆ ಆ ತುಟಿ ಉದ್ದಕ್ಕೂ ಸೀಳುತ್ತದೆ. ಓಣಿಯ ಬಡಿಗೇರ ಕಾಕಾ ಅತ್ತ ಹೋಗುತ್ತಾ ನಿಂತು ನೋಡಿ, "ಬಲಕಿನ ಕದ ಮದಲ ತಗಿ ತಮ್ಮಾ, ಎಡಕಿಂದು ಅದರ ಹೊಟ್ಯಾಗ ಐತಿ" ಎಂದರು. ಬಣ್ಣದ ದಪ್ಪದಲ್ಲಿ ತುಟಿಯ ಗೆರೆಯೇ ಮಸುಕಾಗಿತ್ತು. ಉಗುರು ಎಳೆದು ನೋಡಿದಾಗ ಅವರ ಮಾತು ಸರಿ ಎಂದು ಗೊತ್ತಾಯಿತು.

ಬಣ್ಣ ಬಿಟ್ಟು ಬೇರೆ ಏನಾದರೂ ಕಿಟಕಿಯನ್ನು ಹಿಡಿದಿದೆಯಾ ಎಂದೂ ನೋಡಬೇಕು. ಚೌಕಟ್ಟಿನ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಕರ್ಣ ಅಳೆದೆ. ಎರಡೂ ಹೆಚ್ಚುಕಡಿಮೆ ಒಂದೇ ಬಂದವು, ಅಂದರೆ ಚೌಕಟ್ಟು ಓರೆಯಾಗಿಲ್ಲ. ಗೋಡೆ ಕುಸಿದು ಮೇಲಿನ ಭಾರ ಚೌಕಟ್ಟಿನ ಮೇಲೆ ಕೂತಿದ್ದರೆ ಅಳತೆಯಲ್ಲಿ ಎದ್ದು ಕಾಣುವ ವ್ಯತ್ಯಾಸ ಬರುತ್ತದೆ, ಆಗ ಎಷ್ಟು ಬಣ್ಣ ಕೊಯ್ದರೂ ಕದ ಬಿಡುವುದಿಲ್ಲ. ಆಮೇಲೆ ಕಟರ್ ತುದಿಯಿಂದ ಕೆಳಗಿನ ಅಡ್ಡಪಟ್ಟಿ, ಚೌಕಟ್ಟಿನ ಬುಡ ಚುಚ್ಚಿ ನೋಡಿದೆ. ನಮ್ಮ ಕಡೆ ಗೆದ್ದಲು ಜಾಸ್ತಿ. ಅದು ಮರವನ್ನು ಒಳಗಿಂದ ತಿಂದು ಬಣ್ಣದ ಪದರವನ್ನು ಹಾಗೇ ಬಿಟ್ಟಿರುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ತುದಿ ಸುಲಭವಾಗಿ ಇಳಿದರೆ ಅಲ್ಲಿ ಪ್ರೈ ಬಾರ್ ಹಾಕಬಾರದು. ಇಲ್ಲಿ ಮರ ಗಟ್ಟಿಯಾಗಿತ್ತು.

ಮೊಳೆ ಹೊಡೆದಿದ್ದಾರಾ ಎಂದು ತಿಳಿಯಲು ಒಂದು ಸಣ್ಣ ಅಯಸ್ಕಾಂತ ಸಾಕು. ಕದದ ಅಂಚಿನ ಮೇಲೆ ನಿಧಾನ ಎಳೆಯುತ್ತಾ ಹೋದರೆ ಬಣ್ಣದ ಕೆಳಗಿನ ಮೊಳೆಯ ತಲೆ ಹಿಡಿದುಕೊಳ್ಳುತ್ತದೆ. ಕಳ್ಳರ ಭಯಕ್ಕೆ ಓಣಿ ಕಡೆಯ ಕಿಟಕಿಗೆ ಮೊಳೆ ಹೊಡೆಯುವುದು ಹಳೆ ಮನೆಗಳಲ್ಲಿ ಇದ್ದದ್ದೇ. ಇಲ್ಲಿ ಮೊಳೆ ಇರಲಿಲ್ಲ. ಆದರೆ ಎಡಗಡೆ ಕದದ ತಲೆಯ ಹತ್ತಿರ, ಒಳಗಡೆ, ಅಯಸ್ಕಾಂತ ಉದ್ದಕ್ಕೂ ಅಂಟಿತು. ನೋಡಿದರೆ ಬಣ್ಣದ ಒಂದು ದಪ್ಪ ಉಬ್ಬು. ಅದು ಮೇಲಿನ ಬೋಲ್ಟು. ಚೌಕಟ್ಟಿನೊಳಗೆ ಏರಿಸಿಟ್ಟ ಹಾಗೇ ಬಣ್ಣದಲ್ಲಿ ಮುಳುಗಿಹೋಗಿತ್ತು. ಇದನ್ನು ಗಮನಿಸದೆ ಮೀಟಿದ್ದರೆ ಕೆಳಗಡೆ ಕದ ಬಿಟ್ಟು, ಮೇಲೆ ಹಿಡಿದು, ನಡುವಿನ ಗಾಜು ಹೋಗುತ್ತಿತ್ತು.

ಧೂಳಿನ ಮಾತು

ಮನೆ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಪಾಲು ಮೀರಬಾರದು ಎನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಪದರಗಳಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡುವುದು ಒಳ್ಳೆಯದು, ಅದರಲ್ಲೂ ಎಣ್ಣೆ ಬಣ್ಣದಲ್ಲಿ. ಹಾಗಾಗಿ ಒಣ ಮರಳು ಕಾಗದ ಉಜ್ಜಲಿಲ್ಲ, ಹೀಟ್ ಗನ್ ಹಚ್ಚಲಿಲ್ಲ. ಕಿಟಕಿಯ ಕೆಳಗೆ ಒಳಗೂ ಹೊರಗೂ ಪ್ಲಾಸ್ಟಿಕ್ ಹಾಳೆ ಹಾಸಿದೆ. ಇಸ್ತ್ರಿಗೆ ಬಳಸುವ ಸ್ಪ್ರೇ ಬಾಟಲಿಯಲ್ಲಿ ನೀರು ತುಂಬಿ ಸಂದಿಗೆ ಆಗಾಗ ಸಿಂಪಡಿಸಿಕೊಂಡೆ. ಎನ್95 ಮಾಸ್ಕ್, ಕನ್ನಡಕ, ದಪ್ಪ ಕೈಗವಸು. ಅತ್ತೆಗೆ ಮೊಮ್ಮಗನನ್ನು ಹಿತ್ತಲಿನ ಕಡೆ ಕರೆದುಕೊಂಡು ಹೋಗಲು ಹೇಳಿದೆ. "ಗಾಜ ಒಡದೀಯಪ್ಪ, ಹುಷಾರಿ" ಎಂದು ಹೇಳಿಯೇ ಹೋದರು. ಗಾಜಿಗೆ ಅಗಲದ ಸೆಲೋಟೇಪ್ ಅಡ್ಡಡ್ಡ ಅಂಟಿಸಿದ್ದೆ. ಒಡೆದರೂ ಚೂರು ಉದುರಬಾರದು ಎಂದು.

ಕೊಯ್ಯುವುದು

ಕಟರ್ ಎಂದರೆ ಸ್ಟೇಷನರಿ ಅಂಗಡಿಯ ತೆಳು ಕಟರ್ ಅಲ್ಲ. 18 ಮಿಲಿಮೀಟರ್ ಅಗಲದ ಬ್ಲೇಡ್, ಲೋಹದ ಹಿಡಿ, ತಿರುಪಿ ಬಿಗಿ ಮಾಡುವ ಲಾಕ್ ಇರುವಂಥದ್ದು. ಬ್ಲೇಡನ್ನು ಎರಡು ತುಂಡಿನಷ್ಟು ಮಾತ್ರ ಹೊರಗೆ ಬಿಟ್ಟೆ. ಜಾಸ್ತಿ ಬಿಟ್ಟರೆ ಗಟ್ಟಿ ಬಣ್ಣದಲ್ಲಿ ಬಾಗಿ ಚಟ್ಟನೆ ಮುರಿಯುತ್ತದೆ. ಎನಾಮೆಲ್ ಮೊಂಡ ಮಾಡುವುದು ಬೇಗ. ಬ್ಲೇಡ್ ಕೊಯ್ಯುವ ಬದಲು ಜಾರುತ್ತಿದೆ ಅನಿಸಿದ ಕೂಡಲೇ ತುದಿಯ ತುಂಡು ಮುರಿದು ಹೊಸ ಅಲಗು ತಂದುಕೊಳ್ಳಬೇಕು. ಮೊಂಡ ಬ್ಲೇಡಿಗೆ ಬಲ ಹಾಕಿದಾಗಲೇ ಅದು ದಾರಿ ಬಿಟ್ಟು ಎಡಗೈ ಕಡೆ ಬರುವುದು. ಕೆಲಸ ಬೆಳಿಗ್ಗೆ ತಂಪಿನಲ್ಲೇ ಮಾಡಿದೆ. ಬಿಸಿಲು ಬಿದ್ದ ಎನಾಮೆಲ್ ಸ್ವಲ್ಪ ಮೆತ್ತಗಾಗಿ ಬ್ಲೇಡಿಗೆ ಹಿಡಿಯುತ್ತದೆ, ತಂಪಿನಲ್ಲಿ ಗೆರೆ ಸ್ವಚ್ಛ ಬರುತ್ತದೆ.

ಹೊರಗಡೆಯ ಸಂದಿ ಮೊದಲು. ಕದದ ಅಂಚು ಮತ್ತು ಚೌಕಟ್ಟಿನ ನಡುವೆ ಬ್ಲೇಡನ್ನು ಗೋಡೆಗೆ ನೇರವಾಗಿ ಒಳಮುಖ ಹಿಡಿದು, ಮೇಲಿಂದ ಕೆಳಗೆ ಹಗುರವಾಗಿ ಒಂದು ಗೆರೆ. ಮೊದಲ ಗೆರೆ ದಾರಿ ಮಾಡಲು ಮಾತ್ರ, ಬಲ ಬೇಡ. ಅದೇ ಗೆರೆಯಲ್ಲಿ ಮತ್ತೆ ಮತ್ತೆ ಎಳೆದಾಗ ಬ್ಲೇಡ್ ತಾನಾಗಿ ಇಳಿಯುತ್ತದೆ. ಪದರ ದಾಟಿದ್ದು ಕೈಗೇ ಗೊತ್ತಾಗುತ್ತದೆ. ಅಲ್ಲಿಯವರೆಗೆ ಕರಕರ ಎನ್ನುತ್ತಿದ್ದ ಬ್ಲೇಡ್ ಒಮ್ಮೆಲೇ ಸದ್ದಿಲ್ಲದೆ ಹೋಗುತ್ತದೆ, ಸಂದಿಯಲ್ಲಿ ಖಾಲಿ ಜಾಗ ಸಿಗುತ್ತದೆ. ಸಿಗದ ಕಡೆ ಪೇಂಟರ್‌ಗಳು ಲಪ್ಪ, ಅಂದರೆ ಪುಟ್ಟಿ, ಎಳೆಯುವ ತೆಳು ಬ್ಲೇಡನ್ನು ಸಂದಿಗಿಟ್ಟು, ಹಿಂದಿನಿಂದ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದೆ. ಗಾಜಿನ ಸುತ್ತಲಿನ ಲಪ್ಪದ ಗೆರೆಯೂ ಬಣ್ಣದಲ್ಲಿ ಸಂದಿಯಂತೆಯೇ ಕಾಣುತ್ತದೆ. ಅದನ್ನು ಕೊಯ್ದರೆ ಗಾಜು ಸಡಿಲ ಆಗುತ್ತದೆ ಅಷ್ಟೇ, ಕಿಟಕಿ ತೆರೆಯುವುದಿಲ್ಲ. ಕದದ ಚೌಕದ ಹೊರ ಅಂಚು ಯಾವುದು, ಗಾಜಿನ ಅಂಚು ಯಾವುದು ಎಂದು ಪೆನ್ಸಿಲ್ ಗುರುತು ಮಾಡಿಕೊಂಡರೆ ಗೊಂದಲ ಇಲ್ಲ.

ಒಳಗಡೆಯ ಸಂದಿಯನ್ನು ಬಹಳ ಜನ ಮರೆಯುತ್ತಾರೆ. ಹೊರಗೆ ಚೆನ್ನಾಗಿ ಕೊಯ್ದರೂ ಕದ ಅಲುಗದೆ ಇರುವುದು ಹೆಚ್ಚಾಗಿ ಇದರಿಂದಲೇ. ಚೌಕಟ್ಟಿನಲ್ಲಿ ಕದ ಬಂದು ಕೂಡಲು ಒಂದು ಮೆಟ್ಟಿಲು ಕೆತ್ತಿರುತ್ತಾರೆ. ಕದದ ಒಳಮೈ ಆ ಮೆಟ್ಟಿಲಿಗೆ ಒತ್ತಿ ನಿಲ್ಲುತ್ತದೆ. ಕೋಣೆಯೊಳಗಿನಿಂದ ನೋಡಿದರೆ ಚೌಕಟ್ಟು ಮುಗಿದು ಕದದ ಮೈ ಶುರುವಾಗುವ ಮೂಲೆಯಲ್ಲಿ ಸಂದಿ ಇರುತ್ತದೆ. ಇಲ್ಲಿ ಬ್ಲೇಡಿನ ದಿಕ್ಕು ಬೇರೆ. ನೇರ ಒಳಮುಖ ಚುಚ್ಚಿದರೆ ಕದದ ಮರಕ್ಕೇ ಗಾಯ. ಬ್ಲೇಡನ್ನು ಕದದ ಮೈಗೆ ಒರಗಿಸಿ, ಚಪ್ಪಟೆಯಾಗಿ, ಚೌಕಟ್ಟಿನ ಕಡೆಗೆ ತೂರಿಸಬೇಕು. ಸರಳು ಅಡ್ಡ ಇರುವುದರಿಂದ ಕೈ ಆಡುವುದು ಕಷ್ಟ. ಪ್ರತಿ ಎರಡು ಸರಳಿನ ನಡುವಿಂದ ಅಷ್ಟಷ್ಟೇ ಕೊಯ್ಯುತ್ತಾ ಹೋದೆ. ಈ ಕೆಲಸಕ್ಕೆ ಹಿಡಿದ ಹೊತ್ತು ಉಳಿದೆಲ್ಲ ಕೊಯ್ತಕ್ಕಿಂತ ಜಾಸ್ತಿ.

ಆಮೇಲೆ ನಡುವಿನ ತುಟಿಯ ಗೆರೆ, ಹೊರಗೂ ಒಳಗೂ. ಕೊನೆಗೆ ಬಿಜಾಗ್ರಿ. ಅದರ ಗಂಟಿನ ತುಂಡು ತುಂಡಿನ ನಡುವೆ ಬಣ್ಣ ತುಂಬಿರುತ್ತದೆ, ಅಲ್ಲೂ ಬ್ಲೇಡ್ ತುದಿ ಎಳೆಯಬೇಕು. ಎಣ್ಣೆ ಈಗಲೇ ಬಿಡಬಾರದು. ಮರಕ್ಕೆ ಹರಿದರೆ ಮುಂದೆ ಹಚ್ಚುವ ಬಣ್ಣ ಹಿಡಿಯುವುದಿಲ್ಲ.

ಮುಳುಗಿದ್ದ ಬೋಲ್ಟಿಗೆ ಬೇರೆ ಉಪಚಾರ. ಸುತ್ತಲೂ ಕೊಯ್ದು, ಉಬ್ಬಿನ ಬಣ್ಣವನ್ನು ಒದ್ದೆ ಮಾಡಿ ಹಳೆ ಉಳಿಯಲ್ಲಿ ಕೆರೆದೆ. ಬೋಲ್ಟಿನ ಸರಳು ಜಾರುವ ಎರಡೂ ಕೊಂಡಿಗಳು ಕಾಣಿಸಿದವು. ಬೋಲ್ಟಿನ ಹಿಡಿಯ ಮೇಲ್ಬದಿಗೆ ಸ್ಕ್ರೂಡ್ರೈವರ್ ತುದಿ ಇಟ್ಟು ಕೆಳಮುಖವಾಗಿ ಸಣ್ಣ ಸಣ್ಣ ಏಟು. ಮೊದಲು ಏನೂ ಆಗಲಿಲ್ಲ. ಹಿಡಿಯನ್ನು ಇಕ್ಕಳದಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಸ್ವಲ್ಪ ಹೊರಳಿಸಿದಾಗ ಟಿಕ್ ಎಂದು ಬಣ್ಣ ಬಿರಿಯಿತು, ಆಮೇಲೆ ಏಟಿಗೆ ಇಳಿಯಿತು. ಹೊರಳಿಸಿದಾಗ ಬಿಡುವುದು ನೂಕಿದಾಗ ಬಿಡುವುದಕ್ಕಿಂತ ಸುಲಭ, ಯಾವ ಬೋಲ್ಟಿಗಾದರೂ.

ಮೀಟುವುದು

ಪ್ರೈ ಬಾರ್ ತೆಳು ಇರಬೇಕು, ಉದ್ದ ಬೇಡ. ನಾನು ಬಳಸಿದ್ದು ಸುಮಾರು ಏಳು ಇಂಚು ಉದ್ದದ, ಒಂದೂವರೆ ಇಂಚು ಅಗಲದ ಚಪ್ಪಟೆ ಪಟ್ಟಿ. ತುದಿ ಸ್ವಲ್ಪ ಬಾಗಿದೆ, ಅಂಚು ತೆಳ್ಳಗಿದೆ. ಉದ್ದದ ಬಾರಿನಲ್ಲಿ ಕೈಗೆ ಬಲ ಜಾಸ್ತಿ ಸಿಗುತ್ತದೆ, ಮರ ಎಷ್ಟು ನೋಯುತ್ತಿದೆ ಎಂದು ಗೊತ್ತಾಗುವುದಿಲ್ಲ. ಸರಳಿನ ಹಿಂದೆ ಅದು ಆಡುವುದೂ ಇಲ್ಲ.

ಎಲ್ಲಿ ಮೀಟಬೇಕು ಎನ್ನುವುದೇ ಮುಖ್ಯ. ಹೊರಗಿನ ಸಂದಿಯಲ್ಲಿ ಹಾಕಿ ಮೀಟಿದರೆ ಕದ ಪಕ್ಕಕ್ಕೆ ಒತ್ತಲ್ಪಡುತ್ತದೆ, ಹೊರಗೆ ಬರುವುದಿಲ್ಲ. ಒಳಗಿನ ಸಂದಿಯಲ್ಲಿ, ಮೆಟ್ಟಿಲು ಮತ್ತು ಕದದ ಮೈ ನಡುವೆ, ತುದಿ ಹೊಗಿಸಿ ಹಿಡಿಯನ್ನು ಕೋಣೆಯ ಕಡೆಗೆ ಎಳೆದರೆ ತುದಿ ಕದವನ್ನು ನೇರ ಹೊರಕ್ಕೆ ನೂಕುತ್ತದೆ. ಮೆಟ್ಟಿಲಿನ ಅಂಚಿಗೆ ಗಾಯ ಆಗಬಾರದು ಎಂದು ಪ್ರೈ ಬಾರಿನ ಕೆಳಗೆ ಲಪ್ಪದ ಬ್ಲೇಡ್ ಒಂದನ್ನು ಇಟ್ಟೆ. ಭಾರ ಅದರ ಮೇಲೆ ಹಂಚಿಹೋಗುತ್ತದೆ.

ಶುರು ಮಾಡಿದ್ದು ಬಲಗಡೆ ಕದದ ಕೆಳ ಮೂಲೆಯಿಂದ, ಬಿಜಾಗ್ರಿ ಇಲ್ಲದ ಬದಿಯಲ್ಲಿ. ಅಲ್ಲಿ ಮೆಟ್ಟಿಲು ಇರುವುದು ಕೆಳಗಿನ ಅಡ್ಡಪಟ್ಟಿಗೆ ಮಾತ್ರ, ಹಾಗಾಗಿ ಪ್ರೈ ಬಾರನ್ನು ಕೆಳಮುಖವಾಗಿ ತೂರಿಸಬೇಕು. ಮೂಲೆಯಲ್ಲಿ ಎರಡು ಪಟ್ಟಿ ಕೂಸು ಹಾಕಿ ಸೇರಿರುತ್ತವೆ, ಮರ ಅಲ್ಲಿ ಗಟ್ಟಿ. ಅಡ್ಡಪಟ್ಟಿಯ ನಡುವೆ ಮೀಟಿದರೆ ಅದು ಬಾಗುತ್ತದೆ. ಮರ ಬಾಗುತ್ತದೆ, ಗಾಜು ಬಾಗುವುದಿಲ್ಲ. ಕೆಳ ಮೂಲೆಯಲ್ಲಿ ಸ್ವಲ್ಪ ಒತ್ತಿ ಹಿಡಿದು ನಿಂತೆ, ಜರ್ಕ್ ಕೊಡಲಿಲ್ಲ. ಅಂಟಿದ ಬಣ್ಣ ಏಟಿಗಿಂತ ನಿಂತ ಒತ್ತಡಕ್ಕೆ ಚೆನ್ನಾಗಿ ಬಿಡುತ್ತದೆ. ಒಂದು ಸಣ್ಣ ಚಿಟಿಕೆ ಸದ್ದು ಬಂತು. ಬಿಟ್ಟ ಜಾಗಕ್ಕೆ ಐಸ್‌ಕ್ರೀಮ್ ಕಡ್ಡಿ ತುರುಕಿ, ಮೇಲಿನ ಮೂಲೆಗೆ ಹೋದೆ. ಮತ್ತೆ ಕೆಳಗೆ. ಹೀಗೆ ಎರಡೂ ಕಡೆ ಕೂದಲಷ್ಟು ಕೂದಲಷ್ಟೇ ಹೊರಗೆ ತರಬೇಕು. ಒಂದು ಮೂಲೆಯನ್ನು ಮಾತ್ರ ಅರ್ಧ ಇಂಚು ಹೊರಗೆ ತಂದರೆ ಕದ ತಿರುಚಿಕೊಂಡು ಗಾಜು ಬಿರುಕು ಬಿಡುತ್ತದೆ.

ಮೇಲಿನ ಮೂಲೆ ಬಂತು, ಕೆಳಗಿನದು ಬಂತು, ನಡುವೆ ಇನ್ನೂ ಹಿಡಿದಿತ್ತು. ಇಂಥ ಕಡೆ ಪ್ರೈ ಬಾರ್ ತೆಗೆದಿಟ್ಟು ಮತ್ತೆ ಕಟರ್ ಹಿಡಿಯಬೇಕು. ಎಲ್ಲಿ ಹಿಡಿದಿದೆ ಎಂದು ತಿಳಿಯಲು ಒಂದು ಗಟ್ಟಿ ಕಾಗದ ಸಂದಿಯಲ್ಲಿ ಎಳೆದುಕೊಂಡು ಹೋದೆ. ತುಟಿಯ ಗೆರೆಯಲ್ಲಿ, ಹಳೆ ಕೊಕ್ಕೆಯ ಹತ್ತಿರ, ಕಾಗದ ನಿಂತಿತು. ಅಲ್ಲಿ ಬಣ್ಣ ಒಳಗೆ ಸುರಿದು ಗೋಂದಿನ ಹಾಗೆ ಗಡ್ಡೆ ಕಟ್ಟಿತ್ತು. ಅಷ್ಟುದ್ದ ಮಾತ್ರ ಬ್ಲೇಡನ್ನು ಇನ್ನೊಂದು ತುಂಡು ಹೊರಗೆ ಬಿಟ್ಟು, ಬಲ ಹಾಕದೆ ಗರಗಸದ ರೀತಿ ಆಡಿಸಿದೆ. ಆಮೇಲೆ ಸರಳಿನ ನಡುವೆ ಮರದ ತುಂಡು ಇಟ್ಟು, ಕದದ ಉದ್ದಪಟ್ಟಿಯ ಮೇಲೆ ಅಂಗೈಯಲ್ಲಿ ತಟ್ಟಿದಾಗ ಕದ ಹೊರಗೆ ಹೋಯಿತು. ಬಿಜಾಗ್ರಿ ಕಿರ್ರೆಂದಿತು, ಅಷ್ಟೇ.

ಎಡಗಡೆ ಕದಕ್ಕೆ ಇಷ್ಟು ಕಷ್ಟ ಇರಲಿಲ್ಲ. ಬೋಲ್ಟ್ ಇಳಿದಿತ್ತು, ತುಟಿ ಬಿಡುಗಡೆ ಆಗಿತ್ತು. ಮೂಲೆಗಳನ್ನು ಸಡಿಲಿಸಿ ನೂಕಿದರೆ ಬಂತು.

ತೆರೆದ ಮೇಲೆ

ಇಲ್ಲಿಗೆ ನಿಲ್ಲಿಸಿದರೆ ಒಂದು ಮಳೆಗಾಲದಲ್ಲಿ ಮತ್ತೆ ಹಿಡಿದುಕೊಳ್ಳುತ್ತದೆ. ಕದದ ನಾಲ್ಕೂ ಅಂಚು, ಚೌಕಟ್ಟಿನ ಮೆಟ್ಟಿಲು, ತುಟಿಯ ಒಳಮೈ, ಇಲ್ಲೆಲ್ಲ ಬಣ್ಣದ ಏಣು ಉಳಿದಿರುತ್ತದೆ. ನೀರು ಸಿಂಪಡಿಸಿ ಸ್ಕ್ರೇಪರ್‌ನಲ್ಲಿ ಕೆರೆದು, ಆಮೇಲೆ 120 ನಂಬರಿನ ವಾಟರ್ ಪೇಪರ್ ಒದ್ದೆ ಮಾಡಿ ಉಜ್ಜಿದೆ. ಎಷ್ಟು ತೆಗೆಯಬೇಕು ಎಂದರೆ, ಕದ ಮುಚ್ಚಿದಾಗ ಸಂದಿಯಲ್ಲಿ ಎರಡು ಎಟಿಎಂ ಕಾರ್ಡ್ ಒಟ್ಟಿಗೆ ಸುತ್ತಲೂ ಓಡಬೇಕು. ಅದು ಹತ್ತಿರ ಹತ್ತಿರ ಒಂದೂವರೆ ಮಿಲಿಮೀಟರ್. ಹೊಸ ಬಣ್ಣಕ್ಕೂ, ಮಳೆಗಾಲದಲ್ಲಿ ಮರ ಉಬ್ಬುವುದಕ್ಕೂ ಜಾಗ ಬೇಕಲ್ವಾ. ಕಸರು, ಒದ್ದೆ ಬಟ್ಟೆ ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಲ್ಲೇ ಸುತ್ತಿ ಕಟ್ಟಿದೆ. ಗುಡಿಸಲಿಲ್ಲ, ಸುಡಲಿಲ್ಲ. ನೆಲವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆ ಬಟ್ಟೆಯನ್ನೂ ಅದರೊಳಗೇ ಹಾಕಿದೆ.

ಅಂಚಿಗೆ ಪ್ರೈಮರ್ ಮತ್ತು ಒಂದೇ ತೆಳು ಕೋಟ್ ಎನಾಮೆಲ್. ಮೆಟ್ಟಿಲಿಗೂ ಕದದ ಒಳಮೈಗೂ ದಪ್ಪ ಕೋಟ್ ಬೇಡ, ಎರಡೂ ಒತ್ತಿಕೊಳ್ಳುವ ಜಾಗ ಅವು. ಮುಟ್ಟಿದರೆ ಕೈಗೆ ಅಂಟದಿದ್ದರೂ ಎನಾಮೆಲ್ ಒಳಗೆ ಹಸಿಯಾಗೇ ಇರುತ್ತದೆ. ಅದಕ್ಕೇ ಮಾವ ರಾತ್ರಿ ಬೋಲ್ಟ್ ಹಾಕುತ್ತೇನೆ ಎಂದಾಗ ಬೇಡ ಎಂದೆ. ಸರಳು ಇದೆಯಲ್ಲ, ಕಳ್ಳ ಬರುವುದಿಲ್ಲ. ಒಂದು ವಾರ ಕದವನ್ನು ಕೊಕ್ಕೆಯಲ್ಲಿ ಅರೆ ತೆರೆದೇ ಇಡಲು ಹೇಳಿದೆ. ಬಣ್ಣ ಪೂರ್ತಿ ಒಣಗಿದ ಮೇಲೆ ಅಂಚಿಗೆ ಮೇಣದಬತ್ತಿ ಉಜ್ಜಿ, ಬಿಜಾಗ್ರಿಯ ಸೂಜಿಗೆ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟೆ. ಮೇಣ ಮೊದಲೇ ಹಚ್ಚಿದರೆ ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ.

ಕೂಲರ್ ಹಚ್ಚಿ ನೋಡಿದೆವು. ಕೂಲರ್ ಮುಂದಿನ ಗಾಳಿಗೆ ಈ ಕಿಟಕಿಯ ಪರದೆ ಹೊರಮುಖ ತೂಗಿತು, ಅಂದರೆ ಗಾಳಿ ದಾರಿ ಹಿಡಿದಿದೆ. ಕಿಟಕಿ ಪೂರ್ತಿ ತೆರೆದರೆ ಹೊರಗಿನ ಬಿಸಿಗಾಳಿಯೂ ನುಗ್ಗುತ್ತದೆ, ಹಾಗಾಗಿ ಮಧ್ಯಾಹ್ನ ಒಂದೇ ಕದ, ಅದೂ ಅರ್ಧ.

ಪಕ್ಕದ ಸಣ್ಣ ಕೋಣೆಯಲ್ಲಿ ಇಂಥದ್ದೇ ಇನ್ನೊಂದು ಕಿಟಕಿ ಇದೆ. ಅತ್ತೆ ಅದನ್ನೂ ತೆಗೆದುಕೊಡು ಎಂದರು. ಅಳೆದು ನೋಡಿದರೆ ಕರ್ಣಗಳಲ್ಲಿ ಬೆರಳಷ್ಟು ವ್ಯತ್ಯಾಸ. ಮೇಲಿನ ಸಂದಿ ಒಂದು ಕಡೆ ಪೂರ್ತಿ ಮುಚ್ಚಿದೆ, ಮೇಲುಗಡೆ ಗೋಡೆಯಲ್ಲಿ ಓರೆ ಬಿರುಕೂ ಇದೆ. ಅದಕ್ಕೆ ಕಟರ್ ಮುಟ್ಟಿಸಲಿಲ್ಲ. ಮೊದಲು ಗೌಂಡಿ ಬಂದು ಬಿರುಕು ನೋಡಲಿ, ಆಮೇಲೆ ಬಡಿಗೇರ ಕಾಕಾ ಕದ ಬಿಚ್ಚಿ ಹತ್ತರಿ ಹಾಕಿ ಮರ ಹೆರೆಯಲಿ ಎಂದು ಹೇಳಿ ಬಂದೆ. ಬಿಡಿಸಿದ ಕಿಟಕಿ ಜುಲೈ, ಆಗಸ್ಟಿನಲ್ಲಿ ಎಲ್ಲಾದರೂ ಉಜ್ಜಿದರೆ ಆ ಜಾಗಕ್ಕೆ ಪೆನ್ಸಿಲ್ ಗೆರೆ ಮಾತ್ರ ಎಳೆದಿಡಿ, ಉಬ್ಬಿದ ಮರಕ್ಕೆ ಆಗಲೇ ಹತ್ತರಿ ಹಾಕಬೇಡಿ ಎಂದು ಮಾವನಿಗೆ ತಿಳಿಸಿದ್ದೇನೆ. ಆಗ ತೆಗೆದರೆ ಬೇಸಿಗೆಯಲ್ಲಿ ಸಂದಿ ದೊಡ್ಡದಾಗಿ ಧೂಳು ಒಳಗೆ ಬರುತ್ತದೆ.